ಅವ್ವ ಕಳೆದುಕೊಂಡ ಆರು ತಾಸು

ಸಂಕ್ರಾಂತಿ ಮುಗಿದ ವಾರದ ಶನಿವಾರ. ಹಿಂಜವಾಡಿಯ ನಮ್ಮ ಫ್ಲ್ಯಾಟಿನಲ್ಲಿ ಗೀಸರ್ ಕೆಟ್ಟಿತ್ತು. ಪುಣೆಯ ಜನವರಿ ಚಳಿ ನಿಮಗೆ ಗೊತ್ತೇ ಇದೆ. ಒಲೆ ಮೇಲೆ ನೀರು ಕಾಸಿಕೊಡುತ್ತೇನೆ ಅಂದರೂ ಕೇಳದೆ ಅವ್ವ ತಣ್ಣೀರನ್ನೇ ತಲೆ ಮೇಲೆ ಸುರಿದುಕೊಂಡು ಬಂದಳು. ದೇವರಿಗೆ ದೀಪ ಹಚ್ಚಿ ಹೊರಗೆ ಬಂದವಳು ನನ್ನನ್ನು ನೋಡಿ ಕೇಳಿದಳು: "ನಾ ಇಲ್ಲಿಗೆ ಯಾವಾಗ ಬಂದೆ?"

ತಮಾಷೆ ಅಂದುಕೊಂಡೆ. "ಐದ ವಾರ ಆತಲ್ಲಬೇ, ಧಾರವಾಡದಿಂದ ನಾನೇ ಕರಕೊಂಡ ಬಂದೆ" ಅಂದೆ. "ಹೌದೇನು?" ಅಂದು ಸುಮ್ಮನಾದಳು. ಎರಡು ನಿಮಿಷ ಬಿಟ್ಟು ಅದೇ ದನಿ, ಅದೇ ಮಾತು: "ನಾ ಇಲ್ಲಿಗೆ ಯಾವಾಗ ಬಂದೆ? ಇವತ್ತ ಯಾವ ವಾರ?"

ಕೈಕಾಲು ಸರಿಯಾಗಿದ್ದವು, ಮಾತು ತೊದಲುತ್ತಿರಲಿಲ್ಲ. ನನ್ನ ಹೆಸರು, ಮೊಮ್ಮಗಳ ಹೆಸರು, ತನ್ನ ತವರಿನ ಓಣಿ ಎಲ್ಲವೂ ಗೊತ್ತಿತ್ತು. ಅಡುಗೆಮನೆಗೆ ಹೋಗಿ ಎಂದಿನಂತೆ ಶುಂಠಿ ಜಜ್ಜಿ ಚಹಾ ಮಾಡಿದಳು. ಆಮೇಲೆ ಅದೇ ಚಹಾ ಕುಡಿಯುತ್ತ, "ಚಹಾ ಯಾರು ಮಾಡ್ಯಾರು?" ಎಂದು ಕೇಳಿದಳು.

ಅನಂತರ ಬಂದ ಪ್ರಶ್ನೆ ನನ್ನನ್ನು ಅಲ್ಲಾಡಿಸಿಬಿಟ್ಟಿತು. "ಅಣ್ಣಗ ಒಂದ ಫೋನ್ ಹಚ್ಚಿ ಕೊಡು." ಅವ್ವನ ಅಣ್ಣ, ನನ್ನ ಸೋದರಮಾವ, ತೀರಿಕೊಂಡು ಎರಡು ತಿಂಗಳಾಗಿತ್ತು. ಆ ಗಾಬರಿಯಲ್ಲಿ ನಿಜವನ್ನೇ ಹೇಳಿಬಿಟ್ಟೆ. ಆಗಷ್ಟೇ ಸುದ್ದಿ ಕೇಳಿದವಳಂತೆ ಕುಸಿದು ಕೂತು ಅತ್ತಳು. ಹತ್ತು ನಿಮಿಷದಲ್ಲಿ ಅಳು ನಿಂತಿತು. ಕಣ್ಣೊರೆಸಿಕೊಂಡು, "ಅಣ್ಣಗ ಒಂದ ಫೋನ್ ಹಚ್ಚು" ಅಂದಳು. ಈ ಸಲ ನಾನು, "ಸಂಜಿಕ ಹಚ್ಚೋಣಂತ" ಎಂದು ಸುಳ್ಳು ಹೇಳಿದೆ.

ಇದು ಪಾರ್ಶ್ವವಾಯುವೇ ಇರಬೇಕು ಎಂದು ಹೆದರಿ ಆಸ್ಪತ್ರೆಗೆ ಓಡಿದೆವು. ನರರೋಗ ತಜ್ಞರು ಮೂರು ಪದ ಹೇಳಿ ತಿರುಗಿ ಹೇಳಲು ಕೇಳಿದರು: ಬಾಳೆಹಣ್ಣು, ಚಾವಿ, ರೈಲು. ಅವ್ವ ತಡವರಿಸದೆ ಹೇಳಿದಳು. ನಾಲ್ಕೈದು ನಿಮಿಷ ಊರಿನ ಮಾತಾಡಿಸಿ ಮತ್ತೆ ಕೇಳಿದರೆ ಮೂರರಲ್ಲಿ ಒಂದೂ ಇಲ್ಲ. ಅಷ್ಟೇ ಅಲ್ಲ, "ನನಗ ಯಾರೂ ಏನೂ ಹೇಳಿಲ್ಲಲ್ಲ" ಅಂದಳು. ಆ ಡಾಕ್ಟರನ್ನೇ ಮೊದಲ ಸಲ ನೋಡುತ್ತಿರುವಂತೆ ಮತ್ತೆ ನಮಸ್ಕಾರ ಮಾಡಿದಳು.

ಮಧ್ಯಾಹ್ನ ಎರಡರ ಹೊತ್ತಿಗೆ ಪ್ರಶ್ನೆಗಳ ನಡುವಿನ ಅಂತರ ಹೆಚ್ಚಾಗತೊಡಗಿತು, ಆಮೇಲೆ ನಿಂತೇಹೋದವು. ಅಂದಿನ ಎಂಆರ್‌ಐ ಪೂರ್ತಿ ಸರಿ ಇತ್ತು. ಎರಡು ದಿನ ಬಿಟ್ಟು ಮತ್ತೆ ಮಾಡಿಸಿದಾಗ ಎಡ ಹಿಪೊಕ್ಯಾಂಪಸ್‌ನಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ ಕಂಡಿತು. ಕಾಯಿಲೆಯ ಹೆಸರು ಟ್ರಾನ್ಸಿಯೆಂಟ್ ಗ್ಲೋಬಲ್ ಅಮ್ನೇಷಿಯಾ, ಅಂದರೆ ತಾತ್ಕಾಲಿಕವಾಗಿ ಹೊಸದೇನೂ ನೆನಪಿನಲ್ಲಿ ನಿಲ್ಲದ ಸ್ಥಿತಿ. ಹೆಚ್ಚಾಗಿ ಐವತ್ತು ದಾಟಿದವರಿಗೆ ಬರುತ್ತದೆ, ಇಪ್ಪತ್ತನಾಲ್ಕು ತಾಸಿನೊಳಗೆ ಹೋಗುತ್ತದೆ. ತಣ್ಣೀರಿನ ಸ್ನಾನ, ಭಾರ ಎತ್ತುವುದು, ದೊಡ್ಡ ಆಘಾತ ಇಂಥವುಗಳ ಬೆನ್ನಿಗೆ ಬರುವುದನ್ನು ವೈದ್ಯರು ಕಂಡಿದ್ದಾರೆ. ಮೂಲ ಕಾರಣದ ಬಗ್ಗೆ ಮಾತ್ರ ಒಮ್ಮತವಿಲ್ಲ.

ಅಷ್ಟು ಸಣ್ಣ ಚುಕ್ಕೆ ಮನುಷ್ಯಳ ಆರು ತಾಸನ್ನು ನುಂಗುವುದು ಹೇಗೆ? ಆ ಪ್ರಶ್ನೆಯೇ ನನ್ನನ್ನು ಈ ವಿಷಯದ ಬೆನ್ನು ಹತ್ತಿಸಿತು.

ಹಿಪೊಕ್ಯಾಂಪಸ್ ಇರುವುದು ಕಿವಿಯ ನೇರಕ್ಕೆ ಮಿದುಳಿನ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಾರ್ವಜನಿಕರೂ ಹೋಗಿ ನೋಡಬಹುದಾದ ಮಿದುಳಿನ ಮ್ಯೂಸಿಯಂ ಇದೆ. ಅಡ್ಡ ಕೊಯ್ದ ಮಿದುಳನ್ನು ನಾನು ಮೊದಲು ನೋಡಿದ್ದು ಅಲ್ಲಿಯೇ. ಕೆಳಗಿನ ಅಂಚು ಒಳಮುಖವಾಗಿ ಸುರುಳಿ ಸುತ್ತಿಕೊಂಡ ಸಣ್ಣ ಮಡಿಕೆ, ಅದೇ ಹಿಪೊಕ್ಯಾಂಪಸ್. ಅದನ್ನು ತೋರಿಸಿ ಹೇಳದಿದ್ದರೆ ಕಣ್ಣಿಗೆ ಬೀಳುವಂಥದ್ದೇ ಅಲ್ಲ.

ಅದರ ಕೆಲಸ ಏನೆಂದು ಜಗತ್ತಿಗೆ ತಿಳಿದದ್ದು ಮುಖ್ಯವಾಗಿ ಒಬ್ಬ ರೋಗಿಯಿಂದ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಹೆನ್ರಿ ಮೊಲೈಸನ್‌ಗೆ ಚಿಕ್ಕಂದಿನಿಂದ ಮೂರ್ಛೆರೋಗ. ಯಾವ ಔಷಧಿಗೂ ಬಗ್ಗಲಿಲ್ಲ. 1953ರಲ್ಲಿ, ಅವನಿಗೆ 27 ವರ್ಷವಾಗಿದ್ದಾಗ, ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯ ಎರಡೂ ಬದಿಯ ಹಿಪೊಕ್ಯಾಂಪಸ್‌ನ ಬಹುಭಾಗವನ್ನೂ ಅದರ ಸುತ್ತಲಿನ ಕೆಲವು ಭಾಗಗಳನ್ನೂ ತೆಗೆದುಹಾಕಿದ. ಮೂರ್ಛೆ ಬಹಳ ಕಡಿಮೆಯಾಯಿತು, ಬುದ್ಧಿಶಕ್ತಿ ಕುಂದಲಿಲ್ಲ, ಮಾತು ಹೋಗಲಿಲ್ಲ. ಆದರೆ ಅಂದಿನಿಂದ ನಡೆದದ್ದೇನೂ ಅವನಲ್ಲಿ ಉಳಿಯಲಿಲ್ಲ. 1957ರಲ್ಲಿ ಸ್ಕೋವಿಲ್ ಮತ್ತು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಈ ಪ್ರಕರಣವನ್ನು ಪ್ರಕಟಿಸಿದರು. 2008ರಲ್ಲಿ ತೀರಿಕೊಳ್ಳುವವರೆಗೆ ಆತನನ್ನು ಜಗತ್ತು ಎಚ್.ಎಂ. ಎಂಬ ಎರಡು ಅಕ್ಷರಗಳಿಂದಷ್ಟೇ ಬಲ್ಲದ್ದು.

ಮಿಲ್ನರ್ ಒಮ್ಮೆ ಅವನಿಗೆ 584 ಎಂಬ ಸಂಖ್ಯೆ ಕೊಟ್ಟು ನೆನಪಿಟ್ಟುಕೊಳ್ಳಲು ಹೇಳಿದರು. ಕಾಲು ಗಂಟೆ ಕಳೆದ ಮೇಲೆ ಕೇಳಿದರೆ ಸರಿಯಾಗಿಯೇ ಹೇಳಿದ! ಹೇಗೆಂದು ಕೇಳಿದಾಗ ಅವನ ವಿವರಣೆ ಹೀಗಿತ್ತು: 5, 8, 4 ಕೂಡಿದರೆ 17. ಎಂಟನ್ನು ನೆನಪಿಟ್ಟು 17ರಿಂದ ಕಳೆದರೆ 9. ಒಂಬತ್ತನ್ನು ಎರಡು ಪಾಲು ಮಾಡಿದರೆ 5 ಮತ್ತು 4. ಅಲ್ಲಿಗೆ 584. ಅಷ್ಟೂ ಹೊತ್ತು ಅವನು ಇದನ್ನೇ ಮನಸ್ಸಿನಲ್ಲಿ ತಿರುವುತ್ತ ಕೂತಿದ್ದ. ಮಾತು ಬೇರೆ ಕಡೆ ತಿರುಗಿ ಒಂದು ನಿಮಿಷವಾಗುವಷ್ಟರಲ್ಲಿ ಸಂಖ್ಯೆಯೂ ಹೋಯಿತು, ಸಂಖ್ಯೆ ಕೊಟ್ಟಿದ್ದರೆಂಬುದೂ ಹೋಯಿತು.

ಅವ್ವನ ಬಾಳೆಹಣ್ಣು, ಚಾವಿ, ರೈಲು ನನಗೆ ಅರ್ಥವಾದದ್ದು ಇಲ್ಲಿ. ಈ ಕ್ಷಣದ ವಿಷಯವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳುವುದು ಬೇರೆ ಕೆಲಸ, ಅದಕ್ಕೆ ಹಿಪೊಕ್ಯಾಂಪಸ್ ಬೇಕಿಲ್ಲ. ಹಿಡಿದ ಕೈ ಬಿಟ್ಟ ಮೇಲೂ ಅದು ಉಳಿಯಬೇಕಾದರೆ ಬೇಕು. ನಮ್ಮ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ ಮೆಮೊರಿಯಲ್ಲಿರುವ ಡೇಟಾ ಸರಿಯಾಗಿದೆ, ಆದರೆ ಡಿಸ್ಕಿಗೆ ಬರೆಯುವ ಕೆಲಸ ನಿಂತಿದೆ. ಹೋಲಿಕೆ ಇಷ್ಟಕ್ಕೇ ಸಾಕು. ಯಾಕೆಂದರೆ ಹಿಪೊಕ್ಯಾಂಪಸ್ ಡಿಸ್ಕ್ ಅಲ್ಲ. ಅದು ಉಗ್ರಾಣವಾಗಿದ್ದರೆ ಎಚ್.ಎಂ.ನ ಬಾಲ್ಯವೂ ಅಳಿಸಿಹೋಗಬೇಕಿತ್ತು. ಅವನಿಗೆ ತಂದೆತಾಯಿ, ಶಾಲೆ, ಹಳೆಯ ಮನೆ ಎಲ್ಲ ಗೊತ್ತಿದ್ದವು. ಅವ್ವನಿಗೆ ತವರಿನ ಓಣಿ ಗೊತ್ತಿದ್ದ ಹಾಗೆ.

ಒಂದು ಬೆಳಗಿನ ದೃಶ್ಯ, ವಾಸನೆ, ಮಾತು ಇವೆಲ್ಲ ಮಿದುಳಿನ ಹೊರಪದರದ ಬೇರೆಬೇರೆ ಕಡೆ ಮೂಡುತ್ತವೆ. ಹಿಪೊಕ್ಯಾಂಪಸ್ ಅವನ್ನು ಒಂದೇ ಘಟನೆಯಾಗಿ ಕಟ್ಟಿಡುತ್ತದೆ. ಕಾಲ ಕಳೆದಂತೆ ಹೊರಪದರದ ಸಂಪರ್ಕಗಳೇ ಗಟ್ಟಿಯಾಗಿ ನೆನಪು ತನ್ನ ಕಾಲಮೇಲೆ ನಿಲ್ಲುತ್ತದೆ ಎಂಬುದು ಪ್ರಚಲಿತ ವಿವರಣೆ. ಹೊಸ ನೆನಪುಗಳಿಗೆ ಏಟು ಹೆಚ್ಚು, ಹಳೆಯವಕ್ಕೆ ಕಡಿಮೆ ಯಾಕೆ ಎಂಬುದಕ್ಕೆ ಇದು ಉತ್ತರ ಕೊಡುತ್ತದೆ. ಅವ್ವನಿಗೆ ಅಣ್ಣ ಗೊತ್ತಿದ್ದ, ಎರಡು ತಿಂಗಳ ಹಿಂದಿನ ಅವನ ಸಾವು ಗೊತ್ತಿರಲಿಲ್ಲ. ಆದರೆ ಹಳೆಯ ನೆನಪು ಪೂರ್ತಿ ಸ್ವತಂತ್ರವಾಗುತ್ತದೆಯೇ ಎಂಬ ವಾದ ಇನ್ನೂ ಮುಗಿದಿಲ್ಲ. ಎಚ್.ಎಂ. ಕೂಡ ಬಾಲ್ಯದ ಬಗ್ಗೆ ಹೆಚ್ಚಾಗಿ ಸಾರಾಂಶವನ್ನಷ್ಟೇ ಹೇಳುತ್ತಿದ್ದ. ಕಣ್ಣಿಗೆ ಕಟ್ಟುವಂತೆ ಬಿಡಿಸಿ ಹೇಳಬಲ್ಲ ಘಟನೆಗಳು ಅವನಲ್ಲಿ ತೀರ ಕಡಿಮೆಯಿದ್ದವು.

ಅವನಿಂದ ತಿಳಿದ ಇನ್ನೊಂದು ಸಂಗತಿಯನ್ನು ಯಾರೂ ನಿರೀಕ್ಷಿಸಿರಲಿಲ್ಲ. ಮಿಲ್ನರ್ ಅವನಿಗೆ ಕನ್ನಡಿಯಲ್ಲಿ ಮಾತ್ರ ಕೈ ನೋಡಿಕೊಳ್ಳುತ್ತ ನಕ್ಷತ್ರದ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸುವ ಕೆಲಸ ಕೊಟ್ಟರು. ಮಾಡಿ ನೋಡಿ, ಮೊದಲ ಸಲ ಯಾರ ಕೈಯೂ ದಾರಿ ತಪ್ಪುತ್ತದೆ. ಎಚ್.ಎಂ. ಮೂರು ದಿನದ ಅಭ್ಯಾಸದಲ್ಲಿ ತಪ್ಪಿಲ್ಲದಂತೆ ಎಳೆಯುವುದನ್ನು ಕಲಿತ. ಆದರೆ ಪ್ರತಿದಿನವೂ ಆ ಕೆಲಸವನ್ನು ಮೊದಲ ಸಲ ನೋಡುತ್ತಿದ್ದೇನೆ ಎಂದೇ ತಿಳಿದಿದ್ದ. ಕೈಗೆ ಬಂದ ವಿದ್ಯೆಯೂ ಆ ವಿದ್ಯೆ ಕಲಿತ ದಿನದ ನೆನಪೂ ಮಿದುಳಿನ ಬೇರೆಬೇರೆ ಭಾಗಗಳ ಪಾಲು ಎಂದು ಅದರಿಂದ ಗೊತ್ತಾಯಿತು. ಅವ್ವನ ಕೈ ಶುಂಠಿ ಜಜ್ಜುವುದನ್ನು ಮರೆಯದೆ, ಅವ್ವ ಮಾತ್ರ ಚಹಾ ಮಾಡಿದ್ದನ್ನು ಮರೆತದ್ದು ಇದೇ ಬಿರುಕಿನಲ್ಲಿ.

ಎಚ್.ಎಂ. ಪ್ರಕರಣದಲ್ಲಿ ಒಂದು ಕೊರತೆಯಿತ್ತು. ಸುತ್ತಲಿನ ಭಾಗಗಳೂ ಹೋಗಿದ್ದರಿಂದ ತಪ್ಪು ಹಿಪೊಕ್ಯಾಂಪಸ್‌ನದೇ ಎಂದು ಬೊಟ್ಟು ಮಾಡುವಂತಿರಲಿಲ್ಲ. ಅದಕ್ಕೆ ಉತ್ತರ ಸಿಕ್ಕಿದ್ದು ಆರ್.ಬಿ. ಎಂಬ ರೋಗಿಯಿಂದ. 1978ರಲ್ಲಿ ಹೃದಯದ ಶಸ್ತ್ರಚಿಕಿತ್ಸೆಯ ನಂತರ ಆತನ ಮಿದುಳಿಗೆ ಸ್ವಲ್ಪ ಹೊತ್ತು ರಕ್ತ ಸಾಲದೆ ಹೋಯಿತು. ಆಮೇಲೆ ಬದುಕಿದ್ದ ಐದು ವರ್ಷವೂ ಹೊಸ ನೆನಪು ಸರಿಯಾಗಿ ನಿಲ್ಲಲಿಲ್ಲ. ಸತ್ತ ಮೇಲೆ ಮಿದುಳನ್ನು ಪರೀಕ್ಷಿಸಿ 1986ರಲ್ಲಿ ವರದಿ ಪ್ರಕಟಿಸಿದರು. ಮುಖ್ಯ ಹಾನಿ ಇದ್ದದ್ದು ಎರಡೂ ಬದಿಯ ಹಿಪೊಕ್ಯಾಂಪಸ್‌ನ ಸಿಎ-1 ಎಂಬ ಒಂದು ಪಟ್ಟಿಯಲ್ಲಿ. ಹಿಪೊಕ್ಯಾಂಪಸ್ ಒಳಗಿನ ಸಂದೇಶ ಕೊನೆಗೆ ಹೊರಗೆ ಹೋಗುವುದು ಈ ಪಟ್ಟಿಯ ಮೂಲಕ. ಆಮ್ಲಜನಕ ಕಡಿಮೆಯಾದರೆ ಮೊದಲು ಸಾಯುವ ಜೀವಕೋಶಗಳಲ್ಲಿ ಇಲ್ಲಿಯವೂ ಸೇರಿವೆ. ಅವ್ವನ ಚುಕ್ಕೆ ಇದ್ದದ್ದೂ ಸಿಎ-1ರಲ್ಲೇ. ವ್ಯತ್ಯಾಸ ಇಷ್ಟೇ, ಆರ್.ಬಿ.ಯ ಜೀವಕೋಶಗಳು ಸತ್ತಿದ್ದವು, ಅವ್ವನದು ಕೆಲವು ತಾಸಿನ ಅಡಚಣೆ. ಇಂಥ ಚುಕ್ಕೆಗಳು ಸಾಮಾನ್ಯವಾಗಿ ಒಂದೆರಡು ದಿನ ಕಳೆದ ಮೇಲೆ ಚೆನ್ನಾಗಿ ಕಾಣುತ್ತವೆ, ಕೆಲವು ವಾರಗಳಲ್ಲಿ ಮಾಯವಾಗುತ್ತವೆ. ಮೊದಲ ದಿನದ ಸ್ಕ್ಯಾನ್ ಸರಿಯಿದ್ದದ್ದು ಅದಕ್ಕೇ.

ನಮ್ಮಂತೆ ಊರಿನಿಂದ ಹಿರಿಯರನ್ನು ಕರೆಸಿಕೊಂಡವರಿಗೆ ಒಂದು ಮಾತು. ಯಾರಾದರೂ ಇದ್ದಕ್ಕಿದ್ದಂತೆ ಹೀಗೆ ಕೇಳಿದ್ದನ್ನೇ ಕೇಳತೊಡಗಿದರೆ ಮೊದಲು ಗಡಿಯಾರ ನೋಡಿ, ಹೊತ್ತು ಬರೆದಿಟ್ಟುಕೊಂಡು ಆಸ್ಪತ್ರೆಗೆ ಹೊರಡಿ. ಮುಖ ಸೊಟ್ಟಗಾಗುವುದು, ಕೈ ಸೋಲುವುದು, ಮಾತು ತೊದಲುವುದು, ತನ್ನ ಹೆಸರೇ ಗೊತ್ತಾಗದಿರುವುದು, ಎಚ್ಚರ ತಪ್ಪುವುದು ಇದರ ಲಕ್ಷಣಗಳಲ್ಲ. ಇದ್ದರೆ ಬೇರೆ ಕಾಯಿಲೆ ಎಂದೇ ತಿಳಿಯಬೇಕು. ಇಲ್ಲದಿದ್ದರೂ ಪಾರ್ಶ್ವವಾಯು, ಮೂರ್ಛೆ, ಸಕ್ಕರೆ ಇಳಿದಿರುವುದು ಯಾವುದೂ ಅಲ್ಲ ಎಂದು ತೀರ್ಮಾನಿಸಬೇಕಾದವರು ವೈದ್ಯರು, ನಾವಲ್ಲ.

ಎಚ್.ಎಂ.ಗೂ ಪ್ರೀತಿಯ ಮಾವನೊಬ್ಬನಿದ್ದ. ಆ ಮಾವ ಸತ್ತ ಸುದ್ದಿ ಹೇಳಿದಾಗ ಬಹಳ ದುಃಖಪಟ್ಟು, ಆಮೇಲೆ ಮರೆತು, ಮಾವ ಯಾವಾಗ ಬರುತ್ತಾನೆ ಎಂದು ಕೇಳುತ್ತಿದ್ದನಂತೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. 2010ರಲ್ಲಿ ಅಯೋವಾದ ಸಂಶೋಧಕರು ಹಿಪೊಕ್ಯಾಂಪಸ್ ಕೆಟ್ಟ ಐವರಿಗೆ ದುಃಖದ ಸಿನಿಮಾ ತುಣುಕುಗಳನ್ನು ತೋರಿಸಿದ್ದರು. ತುಣುಕು ಬೇಗ ಮರೆತುಹೋಯಿತು, ದುಃಖ ಮಾತ್ರ ಉಳಿದೇ ಇತ್ತು. ಅವತ್ತು ಅತ್ತಾದ ಮೇಲೆ ಅವ್ವ ಯಾಕೆಂದು ತಿಳಿಯದೆ ಸೆರಗಿನ ತುದಿ ಹಿಂಡುತ್ತ ಕೂತಿದ್ದಳು. ಮರೆತಳಲ್ಲ, ಸದ್ಯ, ಎಂದು ನಾನು ಸಮಾಧಾನಪಟ್ಟುಕೊಂಡಿದ್ದೆ.

ಈಗ ಅವ್ವ ಹುಷಾರಾಗಿದ್ದಾಳೆ. ಆ ಆರು ತಾಸು ಮಾತ್ರ ತಿರುಗಿ ಬಂದಿಲ್ಲ, ಬರುವುದೂ ಇಲ್ಲ. ಬರೆದದ್ದು ಅಳಿಸಿದ್ದಲ್ಲ ಅದು, ಬರೆದೇ ಇರಲಿಲ್ಲ. ನಾವು ಹೇಳಿದ್ದನ್ನು ಕೇಳಿ ಕೇಳಿ ಈಗ ತಾನೇ ಕಂಡವಳಂತೆ ನೆರೆಯವರಿಗೆ ಚಹಾದ ಕತೆ ಹೇಳಿ ನಗುತ್ತಾಳೆ. ಮೊನ್ನೆ ಫೋನಿನಲ್ಲಿ, "ನಾ ಅವತ್ತ ಮತ್ತೇನೇನ ಕೇಳಿದ್ನೋ?" ಅಂದಳು. ವಾರ ಕೇಳಿದ್ದು, ಡಾಕ್ಟರಿಗೆ ಎರಡೆರಡು ಸಲ ನಮಸ್ಕಾರ ಮಾಡಿದ್ದು ಎಲ್ಲ ಹೇಳಿದೆ. ಅಣ್ಣನಿಗೆ ಫೋನ್ ಹಚ್ಚು ಅಂದದ್ದನ್ನು ಹೇಳಲಿಲ್ಲ.