ಸೊನ್ನೆಯ ಹೊಸ್ತಿಲಲ್ಲಿ ನಿಲ್ಲುವ ಸಂಖ್ಯೆಗಳು

1ನ್ನು 0.9ರಿಂದ ಗುಣಿಸಿ. ಬಂದ ಉತ್ತರವನ್ನು ಮತ್ತೆ 0.9ರಿಂದ ಗುಣಿಸಿ. ಹೀಗೆ ಎರಡು ಸಾವಿರ ಸಲ ಮಾಡಲು ಕಂಪ್ಯೂಟರಿಗೆ ಹೇಳಿ:

```c
float y = 1.0f;
for (int i = 0; i < 2000; i++)
    y = y * 0.9f;
```

ಪ್ರತಿ ಸಲವೂ ಹತ್ತರಲ್ಲೊಂದು ಭಾಗ ಕಳೆಯುತ್ತಲೇ ಇರುವುದರಿಂದ ಕೊನೆಗೆ ಸೊನ್ನೆ ಬರಬೇಕು ಅನ್ನಿಸುತ್ತದೆ. ಆದರೆ ಬರುವುದು ಸೊನ್ನೆಯಲ್ಲ, ಸುಮಾರು 5.6e-45. ಎರಡು ಸಾವಿರದ ಬದಲು ಎರಡು ಕೋಟಿ ಸಲ ಗುಣಿಸಿದರೂ ಅದೇ ಉತ್ತರ. ಸಂಖ್ಯೆ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಏಕೆಂದು ತಿಳಿಯಲು ಕಂಪ್ಯೂಟರು ದಶಮಾಂಶ ಸಂಖ್ಯೆಯನ್ನು ಹೇಗೆ ಬರೆದಿಟ್ಟುಕೊಳ್ಳುತ್ತದೆ ಎಂಬುದನ್ನು ನೋಡಬೇಕು.

ಸಿಂಗಲ್ ಪ್ರಿಸಿಷನ್ ಸಂಖ್ಯೆಗೆ ಸಿಗುವ ಜಾಗ 32 ಬಿಟ್. ಮೊದಲನೆಯ ಬಿಟ್ ಧನವೋ ಋಣವೋ ಎಂದು ಹೇಳುತ್ತದೆ. ನಂತರದ 8 ಬಿಟ್ ಘಾತ, ಅಂದರೆ 2ನ್ನು ಎಷ್ಟನೆಯ ಘಾತಕ್ಕೆ ಏರಿಸಬೇಕೆಂಬ ಲೆಕ್ಕ. ಉಳಿದ 23 ಬಿಟ್ ಸಂಖ್ಯೆಯ ಅಂಕಿಗಳಿಗೆ. ಘಾತ ಋಣವೂ ಆಗಬಹುದಾದ್ದರಿಂದ ಅದಕ್ಕೆ 127 ಸೇರಿಸಿ ಬರೆಯುತ್ತಾರೆ. 1.0ರ ಘಾತ ಸೊನ್ನೆ, ಹಾಗಾಗಿ ಆ ಎಂಟು ಬಿಟ್‌ಗಳಲ್ಲಿ 127 ಇರುತ್ತದೆ:

```
0 01111111 00000000000000000000000   0x3F800000   1.0
```

ಅಂಕಿಗಳ ಜಾಗದಲ್ಲಿ ಬರೀ ಸೊನ್ನೆಗಳಿವೆ. ಹಾಗಾದರೆ ಆ 1 ಎಲ್ಲಿ ಹೋಯಿತು? ಅದನ್ನು ಬರೆಯುವುದೇ ಇಲ್ಲ. ದ್ವಿಮಾನದಲ್ಲಿ ಸಂಖ್ಯೆಯ ಮೊದಲ ಅಂಕಿ ಹೇಗೂ 1 ಆಗಿರುವುದರಿಂದ, ಅದು ಇದೆಯೆಂದೇ ಇಟ್ಟುಕೊಂಡು ಒಂದು ಬಿಟ್ ಉಳಿಸುತ್ತಾರೆ. ಈ ಉಳಿತಾಯವೇ ಸೊನ್ನೆಯ ಹತ್ತಿರ ತೊಂದರೆ ತರುತ್ತದೆ.

ಎಂಟು ಬಿಟ್‌ಗಳ ಘಾತದಲ್ಲಿ 0ಯಿಂದ 255ರವರೆಗೆ ಬರೆಯಬಹುದು. ಮಾಮೂಲಿ ಸಂಖ್ಯೆಗಳು ಬಳಸುವುದು 1ರಿಂದ 254ರವರೆಗೆ ಮಾತ್ರ. ಹೀಗೆ ಬರೆಯಬಹುದಾದ ಅತಿ ಚಿಕ್ಕ ಧನ ಸಂಖ್ಯೆ 0x00800000, ಅಂದರೆ 2^-126, ಸುಮಾರು 1.18e-38. ಅದರ ಮುಂದಿನದು 0x00800001. ಇವೆರಡರ ನಡುವಿನ ಅಂತರ 2^-149. ಆದರೆ ಸೊನ್ನೆಗೂ ಈ ಅತಿ ಚಿಕ್ಕ ಸಂಖ್ಯೆಗೂ ನಡುವಿನ ಅಂತರ ಅದರ 83,88,608 ಪಟ್ಟು. ಏಣಿಯ ಮೆಟ್ಟಿಲುಗಳೆಲ್ಲ ಒತ್ತೊತ್ತಾಗಿದ್ದು ನೆಲ ಮುಟ್ಟುವ ಕಡೆ ಮಾತ್ರ ಕಂದಕವಿದ್ದ ಹಾಗೆ.

ಆ ಕಂದಕದಿಂದ ಆಗುವ ಹಾನಿ ಚಿಕ್ಕದಲ್ಲ. x ಎಂಬುದು 0x00800001, y ಎಂಬುದು 0x00800000 ಆಗಿರಲಿ. ಎರಡೂ ಬೇರೆ ಬೇರೆ ಸಂಖ್ಯೆಗಳು. ಆದರೆ x - y ಕಂದಕದೊಳಗೆ ಬೀಳುವುದರಿಂದ ಅದನ್ನು ಸೊನ್ನೆ ಎಂದು ಬರೆಯಬೇಕಾಗುತ್ತದೆ. ಆಗ `if (x != y)` ಎಂದು ಮೊದಲೇ ಪರೀಕ್ಷಿಸಿ, ಆಮೇಲೆ y / (x - y) ಲೆಕ್ಕ ಹಾಕಿದ ಎಚ್ಚರದ ಪ್ರೋಗ್ರಾಮರನೂ ಸೊನ್ನೆಯಿಂದ ಭಾಗಿಸಿರುತ್ತಾನೆ. ನಿಜವಾದ ಉತ್ತರ 83,88,608. ಅವನಿಗೆ ಸಿಗುವುದು ಅನಂತ.

ಈ ಕಂದಕ ತುಂಬಲೆಂದೇ ಘಾತದ 0 ಎಂಬ ಗುರುತನ್ನು ಮೀಸಲಿಟ್ಟಿದ್ದಾರೆ. ಘಾತದ ಎಂಟೂ ಬಿಟ್ ಸೊನ್ನೆಯಾಗಿದ್ದರೆ, ಮುಂದೆ 1 ಇದೆ ಎಂದು ಭಾವಿಸಬಾರದು. ಘಾತವನ್ನು -127 ಎಂದಲ್ಲ, -126 ಎಂದೇ ಓದಬೇಕು. ಇವೇ ಡಿನಾರ್ಮಲ್ ಸಂಖ್ಯೆಗಳು. 0x00000001 ಇವುಗಳಲ್ಲಿ ಅತಿ ಚಿಕ್ಕದು, 2^-149. ಅಲ್ಲಿಂದ ಅಷ್ಟಷ್ಟೇ ಅಂತರದಲ್ಲಿ ಏರುತ್ತ 0x007FFFFFವರೆಗೆ ಬಂದರೆ, ಮುಂದಿನ ಹೆಜ್ಜೆಯೇ 0x00800000, ಮೊದಲ ಮಾಮೂಲಿ ಸಂಖ್ಯೆ. ಎಲ್ಲೂ ಬಿರುಕಿಲ್ಲ. ಮೇಲಿನ x - y ಈಗ 0x00000001 ಆಗುತ್ತದೆ, ಭಾಗಾಕಾರವೂ ಸರಿಯಾಗಿ ಬರುತ್ತದೆ. -126 ಎಂಬ ಆ ಒಂದು ಆಯ್ಕೆಯ ಅಂದ ನನಗೆ ಇಡೀ ವಿನ್ಯಾಸದಲ್ಲೇ ಹೆಚ್ಚು ಹಿಡಿಸಿದ್ದು.

ಇದು ಜಗಳವಿಲ್ಲದೆ ಬಂದದ್ದಲ್ಲ. ಬರ್ಕ್ಲಿಯ ಗಣಿತಜ್ಞ ವಿಲಿಯಂ ಕಹಾನ್ ಇದಕ್ಕಾಗಿ ವಾದಿಸಿದರೆ, ವ್ಯಾಕ್ಸ್ ಕಂಪ್ಯೂಟರುಗಳನ್ನು ತಯಾರಿಸುತ್ತಿದ್ದ ಡಿಇಸಿ ಕಂಪನಿ ಚಿಕ್ಕ ಸಂಖ್ಯೆಗಳನ್ನು ನೇರವಾಗಿ ಸೊನ್ನೆ ಮಾಡುವುದೇ ಸರಿ ಎಂದಿತು. ಕೊನೆಗೆ 1985ರ ಐಇಇಇ 754 ಮಾನದಂಡದಲ್ಲಿ ಡಿನಾರ್ಮಲ್‌ಗಳು ಉಳಿದವು. ಕಹಾನ್ ಅವರಿಗೆ 1989ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು.

ಈಗ 0.9ರ ಲೆಕ್ಕ ಬಿಡಿಸಬಹುದು. ಸುಮಾರು 829ನೇ ಗುಣಾಕಾರದಲ್ಲಿ ಸಂಖ್ಯೆ ಡಿನಾರ್ಮಲ್ ವಲಯಕ್ಕೆ ಇಳಿಯುತ್ತದೆ. ಮುಂದೆ ಇಳಿದಷ್ಟೂ ಅದರ ಅಂಕಿಗಳು ಕಡಿಮೆಯಾಗುತ್ತವೆ, ಏಕೆಂದರೆ ಇಲ್ಲಿ ಪ್ರತಿ ಸಂಖ್ಯೆಯೂ 2^-149ರ ಇಡೀ ಪಟ್ಟು ಆಗಿರಬೇಕು. 10 ಪಟ್ಟು ಇದ್ದದ್ದು 9 ಆಗುತ್ತದೆ, 9 ಇದ್ದದ್ದು 8.1 ಆಗಿ 8ಕ್ಕೆ ಕೂರುತ್ತದೆ. ಹೀಗೆ 4ಕ್ಕೆ ಬಂದಾಗ 4ರ 0.9 ಭಾಗ 3.6, ಅದಕ್ಕೆ ಹತ್ತಿರದ ಪೂರ್ಣಾಂಕ ಮತ್ತೆ 4. ಅಲ್ಲಿಗೆ ಇಳಿತ ಮುಗಿಯಿತು. ಬಿಟ್‌ಗಳಲ್ಲಿ ಅದು 0x00000004.

ಧ್ವನಿ ಸಂಸ್ಕರಣೆಯ ತಂತ್ರಾಂಶ ಬರೆಯುವವರಿಗೆ ಇದು ನಿಜವಾದ ತಲೆನೋವು. ಪ್ರತಿಧ್ವನಿ ಕ್ರಮೇಣ ಕರಗುವಂತೆ ಮಾಡುವುದು ಇಂಥ ಗುಣಾಕಾರವೇ. ಸೆಕೆಂಡಿಗೆ 44,100 ಮಾದರಿಗಳ ವೇಗದಲ್ಲಿ 829 ಹೆಜ್ಜೆಗೆ ಸೆಕೆಂಡಿನ ಐವತ್ತನೇ ಒಂದು ಭಾಗವೂ ಬೇಕಿಲ್ಲ. ಅನೇಕ ಪ್ರೊಸೆಸರ್‌ಗಳು ಡಿನಾರ್ಮಲ್ ಲೆಕ್ಕಕ್ಕೆ ಬೇರೆಯ, ನಿಧಾನದ ದಾರಿ ಹಿಡಿಯುತ್ತವೆ. ಕೆಲವು ಇಂಟೆಲ್ ಪ್ರೊಸೆಸರ್‌ಗಳಲ್ಲಿ ಒಂದು ಗುಣಾಕಾರಕ್ಕೆ ನೂರಕ್ಕೂ ಹೆಚ್ಚು ಆವರ್ತಗಳು ಹಿಡಿಯುತ್ತವೆ. ಸಂಗೀತ ನಿಂತು ಮೌನವಾದ ಮೇಲೆ ಕಂಪ್ಯೂಟರಿನ ಮೇಲಿನ ಹೊರೆ ಇಳಿಯುವ ಬದಲು ಏರಿದರೆ ಡಿನಾರ್ಮಲ್‌ಗಳ ಮೇಲೆ ಅನುಮಾನಪಡಬೇಕು. ಧ್ವನಿಯಲ್ಲಿ ಅಷ್ಟು ಚಿಕ್ಕ ಸಂಖ್ಯೆ ಕಿವಿಗೆ ಕೇಳಿಸುವುದೂ ಇಲ್ಲ, ಹಾಗಾಗಿ ಅದನ್ನು ಸೊನ್ನೆ ಮಾಡಿಬಿಡುವ ಸ್ವಿಚ್ಚನ್ನು ಪ್ರೊಸೆಸರಿನಲ್ಲೇ ಇಟ್ಟಿದ್ದಾರೆ.

ಆ ಸ್ವಿಚ್ಚಿಗಾಗಿ ಹಲವರು ಜಿಸಿಸಿ ಕಂಪೈಲರಿಗೆ `-ffast-math` ಎಂದು ಕೊಡುತ್ತಾರೆ. ಆದರೆ ಅದು ಇನ್ನೊಂದು ತುದಿಯಲ್ಲೂ ಕೈಯಾಡಿಸುತ್ತದೆ. ಘಾತ 255 ಇರುವ ಬಿಟ್‌ಗಳು ಮಾಮೂಲಿ ಸಂಖ್ಯೆಗಳಲ್ಲ:

```
0 11111111 00000000000000000000000   0x7F800000   inf
0 11111111 10000000000000000000000   0x7FC00000   nan
```

ಅಂಕಿಗಳೆಲ್ಲ ಸೊನ್ನೆಯಾದರೆ ಅನಂತ. 3e20ಯನ್ನು ಅದರಿಂದಲೇ ಗುಣಿಸಿದರೆ 9e40 ಆಗಬೇಕು; ಸಿಂಗಲ್ ಪ್ರಿಸಿಷನ್ನಿನ ಮಿತಿ ಸುಮಾರು 3.4e38 ಆದ್ದರಿಂದ ಅನಂತ ಬರುತ್ತದೆ. ಅಂಕಿಗಳಲ್ಲಿ ಒಂದಾದರೂ 1 ಇದ್ದರೆ ಅದು NaN, ಸಂಖ್ಯೆಯೇ ಅಲ್ಲದ್ದು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ, ಅನಂತದಿಂದ ಅನಂತ ಕಳೆದಾಗ ಬರುವುದು ಇದು. ಲೆಕ್ಕದೊಳಗೆ ಒಮ್ಮೆ ಹೊಕ್ಕರೆ ಮುಂದಿನ ಮೊತ್ತ, ಸರಾಸರಿ ಎಲ್ಲವೂ NaN ಆಗುತ್ತವೆ.

ಹೆಚ್ಚು ಅಪಾಯ ಹೋಲಿಕೆಯಲ್ಲಿದೆ. ದೊಡ್ಡದೇ, ಚಿಕ್ಕದೇ, ಸಮವೇ ಎಂದು NaN ಬಗ್ಗೆ ಏನು ಕೇಳಿದರೂ ಉತ್ತರ ಇಲ್ಲ ಎಂದೇ; ತನಗೆ ತಾನೂ ಅದು ಸಮವಲ್ಲ. ಬಾಯ್ಲರಿನ ಉಷ್ಣತೆ t 100 ದಾಟಿದರೆ ಗಂಟೆ ಬಾರಿಸಲು `if (t > 100)` ಎಂದು ಬರೆದಿದ್ದರೆ, ಸೆನ್ಸರ್ ಕೆಟ್ಟು NaN ಬಂದಾಗ ಗಂಟೆ ಬಾರಿಸುವುದೇ ಇಲ್ಲ. `if (!(t <= 100))` ಎಂದು ತಿರುಗಿಸಿ ಬರೆದರೆ ಬಾರಿಸುತ್ತದೆ. ಆದರೆ NaN ಬರುವುದೇ ಇಲ್ಲ ಎಂದು ಕಂಪೈಲರಿಗೆ ಭರವಸೆ ಕೊಡುವುದು `-ffast-math`ನ ಕೆಲಸಗಳಲ್ಲೊಂದು. ಆ ಭರವಸೆಯ ಮೇಲೆ ಕಂಪೈಲರು ಎರಡನೆಯ ಸಾಲನ್ನು ಮೊದಲನೆಯದಾಗಿ ಬದಲಿಸಬಹುದು, `isnan(t)` ಪರೀಕ್ಷೆಯನ್ನೂ ಕಿತ್ತುಹಾಕಬಹುದು. ಡಿನಾರ್ಮಲ್ ನಿಧಾನಗತಿಗೆ ಮದ್ದು ಬೇಕಿದ್ದರೆ ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ `_MM_SET_FLUSH_ZERO_MODE(_MM_FLUSH_ZERO_ON)` ಎಂಬ ಸಾಲನ್ನು ಧ್ವನಿಯ ಕೆಲಸ ಮಾಡುವ ಥ್ರೆಡ್ಡಿಗೆ ಮಾತ್ರ ಹಾಕುವುದು ಮೇಲು. `-ffast-math` ಬಿಡಲಾಗದಿದ್ದರೆ, ಬಂದ ಮೌಲ್ಯದ 32 ಬಿಟ್‌ಗಳನ್ನು ಪೂರ್ಣಾಂಕವಾಗಿ u ಎಂಬುದಕ್ಕೆ ನಕಲಿಸಿ ಹೀಗೆ ಪರೀಕ್ಷಿಸಬೇಕು:

```c
uint32_t u;
memcpy(&u, &t, 4);
if ((u & 0x7FFFFFFF) > 0x7F800000)
    sensor_fault();
```

ಇದು ಪೂರ್ಣಾಂಕಗಳ ಹೋಲಿಕೆಯಾದ್ದರಿಂದ ಕಂಪೈಲರಿಗೆ ಕೊಟ್ಟ ಆ ಭರವಸೆ ಇದಕ್ಕೆ ಅನ್ವಯಿಸುವುದಿಲ್ಲ.