ನಿಮಗಿದು ಗೊತ್ತೇ? ತಂಗಿಯ ಗರ್ಭಕೋಶದ ವರದಿಯಲ್ಲಿ ಅಣ್ಣನ ಕರುಳಿನ ಸುದ್ದಿ

ಕಾಫಿ ಕುಡಿಯುವವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಡಿಮೆ ಎಂಬುದು ಗೊತ್ತೇ?
ಬಾಬಾಬುಡನ್‌ಗಿರಿಯ ಸೆರಗಿನಲ್ಲಿರುವ ನಮಗೆ ಇದು ಖುಷಿಯ ಸಂಗತಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1991ರಲ್ಲಿ ಮೂತ್ರಕೋಶದ ಕ್ಯಾನ್ಸರಿನ ವಿಷಯದಲ್ಲಿ ಕಾಫಿಯ ಮೇಲೆ ಅನುಮಾನ ಪಟ್ಟಿತ್ತು. 2016ರಲ್ಲಿ ಅಧ್ಯಯನಗಳನ್ನೆಲ್ಲ ಮತ್ತೆ ತೆಗೆದು ನೋಡಿ ಆ ಅನುಮಾನವನ್ನು ಕೈಬಿಟ್ಟಿತು. ಕಾಫಿ ಕುಡಿಯುವವರಲ್ಲಿ ಯಕೃತ್ತಿನ ಮತ್ತು ಗರ್ಭಕೋಶದ ಒಳಪದರದ ಕ್ಯಾನ್ಸರ್ ಕಡಿಮೆ ಕಾಣುತ್ತದೆ ಎಂದೂ ಹೇಳಿತು. ಹಾಗೆಂದು ಕಾಫಿ ಔಷಧಿಯಲ್ಲ. ದಿನಕ್ಕೆ ನಾಲ್ಕು ಲೋಟ, ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಬಂದ ಲಾಭ ತೂಕದ ದಾರಿಯಲ್ಲಿ ಹೋಗಿಬಿಡಬಹುದು.

ತೂಕಕ್ಕೂ ಗರ್ಭಕೋಶಕ್ಕೂ ಏನು ನಂಟು?
ಮುಟ್ಟು ನಿಂತ ಮೇಲೆ ಅಂಡಾಶಯ ಸುಮ್ಮನಾದರೂ ಮೈಯ ಕೊಬ್ಬು ಸುಮ್ಮನಿರುವುದಿಲ್ಲ. ಮೂತ್ರಪಿಂಡದ ಮೇಲೆ ಕೂತಿರುವ ಗ್ರಂಥಿ ಸುರಿಸುವ ಹಾರ್ಮೋನನ್ನು ಕೊಬ್ಬಿನ ಅಂಗಾಂಶ ಈಸ್ಟ್ರೋಜನ್ ಆಗಿ ಬದಲಿಸುತ್ತಲೇ ಇರುತ್ತದೆ. ಒಳಪದರ ಬೆಳೆಯಲಿ ಎನ್ನುವುದು ಈಸ್ಟ್ರೋಜನ್, ಸಾಕು ನಿಲ್ಲು ಎನ್ನುವುದು ಪ್ರೊಜೆಸ್ಟರಾನ್. ಎರಡನೆಯದು ಇಲ್ಲದೆ ಮೊದಲನೆಯದು ವರ್ಷಗಟ್ಟಲೆ ಕೆಲಸ ಮಾಡಿದರೆ ಪದರ ದಪ್ಪವಾಗುತ್ತ ಹೋಗಿ ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಐದಡಿ ಎತ್ತರದ ಹೆಂಗಸಿಗೆ ಸುಮಾರು 12 ಕೆ.ಜಿ. ಏರಿದರೆ ಅಪಾಯ ಹೆಚ್ಚುಕಡಿಮೆ ಒಂದೂವರೆ ಪಟ್ಟಾಗುತ್ತದೆ. ಸಕ್ಕರೆ ಕಾಯಿಲೆ, ಪಿಸಿಓಡಿ, ಮಕ್ಕಳಾಗದಿರುವುದು, ತಡವಾಗಿ ಮುಟ್ಟು ನಿಲ್ಲುವುದು, ಸ್ತನ ಕ್ಯಾನ್ಸರಿಗೆ ಕೊಡುವ ಟಾಮಾಕ್ಸಿಫೆನ್ ಮಾತ್ರೆ, ಇವೂ ಇದೇ ಸಾಲಿಗೆ ಸೇರುತ್ತವೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಡೆಸುತ್ತಿರುವ ಕ್ಯಾನ್ಸರ್ ನೋಂದಣಿಯಲ್ಲಿ ಗರ್ಭಕಂಠದ ಕ್ಯಾನ್ಸರ್ ಇಳಿಯುತ್ತಿದ್ದರೆ ಗರ್ಭಕೋಶದ್ದು ಏರುತ್ತಿದೆ.

ತೆಳ್ಳಗಿರುವವರಿಗೂ ಇದು ಬರಬಹುದೇ?
ಬರಬಹುದು. ನನ್ನನ್ನು ಹೆಚ್ಚು ಕಾಡುವುದೂ ಇದೇ ಗುಂಪು, ಯಾರೂ ಇವರನ್ನು ಅನುಮಾನಿಸುವುದಿಲ್ಲವಲ್ಲ. ಒಂದು ಉದಾಹರಣೆ ಹಿಡಿದು ಕೊನೆಯವರೆಗೂ ಹೋಗೋಣ. ಕಳಸದ ಆಚೆಗಿನ ಒಂದು ತೋಟದಲ್ಲಿ ಕೆಲಸ ಮಾಡುವ, 47 ವರ್ಷದ, 46 ಕೆ.ಜಿ. ತೂಗುವ ಹೆಂಗಸು ಎಂದಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ. ಇಲ್ಲ. ಏಳೆಂಟು ತಿಂಗಳಿಂದ ಎರಡು ಮುಟ್ಟಿನ ನಡುವೆಯೂ ರಕ್ತ ಹೋಗುತ್ತಿದೆ. ಮನೆಯಲ್ಲಿ ಉಷ್ಣ ಎಂದರು, ಅಕ್ಕಪಕ್ಕದವರು ಮುಟ್ಟು ನಿಲ್ಲುವ ಕಾಲ ಎಂದರು, ಆಕೆಯೇ ಹಣ್ಣು ಕೊಯ್ಲು ಮುಗಿಯಲಿ ಎಂದಳು. ರಕ್ತ ನಿಲ್ಲುವ ಮಾತ್ರೆ ಮೂರು ಸಲ ಬದಲಾಯಿತು.

ಇಲ್ಲಿ ಆಗಬೇಕಾಗಿದ್ದ ಕೆಲಸ ಸಣ್ಣದು. 45 ದಾಟಿದವರಿಗೆ ಮುಟ್ಟು ಹೀಗೆ ಕೆಟ್ಟರೆ, ಅಥವಾ ಮುಟ್ಟು ನಿಂತು ವರ್ಷವಾದ ಮೇಲೆ ಒಂದೇ ಒಂದು ಸಲ ಕಲೆ ಕಂಡರೂ, ಒಳಪದರದ ಚೂರನ್ನು ತೆಗೆದು ಬಯಾಪ್ಸಿಗೆ ಕಳಿಸಬೇಕು. ಮುಟ್ಟು ನಿಂತ ಮೇಲೆ ರಕ್ತ ಕಂಡ ಹತ್ತು ಮಂದಿಯಲ್ಲಿ ಸುಮಾರು ಒಬ್ಬರಿಗೆ ಕ್ಯಾನ್ಸರ್ ಇರುತ್ತದೆ. ಪ್ಯಾಪ್ ಪರೀಕ್ಷೆ ನೋಡುವುದು ಗರ್ಭಕಂಠವನ್ನು, ಅದು ಸರಿಯಿದೆ ಎಂದರೆ ಒಳಪದರವೂ ಸರಿಯಿದೆ ಎಂದಲ್ಲ. ಸ್ಕ್ಯಾನಿಂಗಿನಲ್ಲಿ ಪದರ 4 ಮಿ.ಮೀ. ಒಳಗಿದ್ದರೆ ನಿರಾಳ ಎನ್ನುವ ಲೆಕ್ಕ ಮುಟ್ಟು ನಿಂತವರಿಗೆ ಮಾತ್ರ. ಅವರಲ್ಲೂ ರಕ್ತ ಮತ್ತೆ ಮತ್ತೆ ಕಂಡರೆ ಬಯಾಪ್ಸಿ ಬಿಡುವಂತಿಲ್ಲ.

‘ಗಡ್ಡೆ ಇದೆ, ಗರ್ಭಕೋಶ ತೆಗೆಸಿಬಿಡಿ’ ಎಂದಾಗ ಕೇಳಬೇಕಾದ ಪ್ರಶ್ನೆ ಯಾವುದು?
‘ಮೊದಲು ಬಯಾಪ್ಸಿ ಆಗಿದೆಯಾ ಡಾಕ್ಟ್ರೇ?’ ಅದಿಲ್ಲದೆ ಗರ್ಭಕೋಶ ತೆಗೆದು ಆಮೇಲೆ ಕ್ಯಾನ್ಸರ್ ಎಂದು ತಿಳಿದರೆ ಅರ್ಧ ಆಪರೇಷನ್ ಮಾಡಿದ ಹಾಗಾಗುತ್ತದೆ. ಅಂಡಾಶಯ ಉಳಿದಿರುತ್ತದೆ, ದುಗ್ಧಗ್ರಂಥಿಗಳನ್ನು ಯಾರೂ ನೋಡಿರುವುದಿಲ್ಲ. ಸಣ್ಣ ರಂಧ್ರದಿಂದ ಹೊರತೆಗೆಯಲೆಂದು ಗರ್ಭಕೋಶವನ್ನು ಒಳಗೇ ಚೂರು ಮಾಡಿದ್ದರಂತೂ ರೋಗ ಹೊಟ್ಟೆಯಲ್ಲಿ ಹರಡಬಹುದು.

ಈ ಕ್ಯಾನ್ಸರಿನ ಹಂತ ತೀರ್ಮಾನವಾಗುವುದು ಆಪರೇಷನ್ ಆದ ಮೇಲೆ. ಸ್ತ್ರೀರೋಗ ತಜ್ಞರ ಜಾಗತಿಕ ಒಕ್ಕೂಟವಾದ ಫಿಗೊ 1988ರಲ್ಲೇ ಈ ನಿಯಮ ತಂದಿತು, 2023ರಲ್ಲಿ ಅದನ್ನು ಪರಿಷ್ಕರಿಸಿತು. ಗರ್ಭಕೋಶ, ಗರ್ಭಕಂಠ, ಎರಡೂ ನಾಳ, ಎರಡೂ ಅಂಡಾಶಯಗಳನ್ನು ಇಡಿಯಾಗಿ ತೆಗೆಯುತ್ತಾರೆ. ಹೊಟ್ಟೆಯೊಳಗೆ ಕೈಯಾಡಿಸಿ, ಕಣ್ಣಾಡಿಸಿ ಬೇರೆಲ್ಲಾದರೂ ಗಂಟಿದೆಯೇ ನೋಡುತ್ತಾರೆ. ಹಿಂದೆ ಸೊಂಟದ ಗ್ರಂಥಿಗಳನ್ನೆಲ್ಲ ಬಾಚಿ ತೆಗೆಯುತ್ತಿದ್ದರು, ಅದರಿಂದ ಕೆಲವರಿಗೆ ಕಾಲು ಊದಿಕೊಂಡೇ ಉಳಿಯುತ್ತಿತ್ತು. ಈಗ ಸೌಲಭ್ಯವಿರುವ ಕಡೆ ಗರ್ಭಕಂಠಕ್ಕೆ ಹಸಿರು ಬಣ್ಣದ ದ್ರವ ಚುಚ್ಚಿ, ಅದು ಮೊದಲು ತಲುಪುವ ಗ್ರಂಥಿಯನ್ನು ಮಾತ್ರ ಎರಡೂ ಬದಿಯಿಂದ ತೆಗೆಯುತ್ತಾರೆ. ಅಲ್ಲಿ ರೋಗವಿಲ್ಲದಿದ್ದರೆ ಮುಂದಿನ ಗ್ರಂಥಿಗಳಲ್ಲೂ ಇಲ್ಲವೆಂದೇ ಬಹುಪಾಲು ನಂಬಬಹುದು.

ತೆಗೆದ ಗರ್ಭಕೋಶವನ್ನು ಹಾಗೇ ಡಬ್ಬಿಗೆ ಹಾಕಿದರೆ ಏನಾಗುತ್ತದೆ?
ಒಳಗಿನಿಂದ ಕೊಳೆಯುತ್ತದೆ. ಫಾರ್ಮಾಲಿನ್ ದಪ್ಪ ಗೋಡೆ ದಾಟಿ ಒಳಪದರ ತಲುಪಲು ತುಂಬಾ ಹೊತ್ತು ಬೇಕು. ಆದ್ದರಿಂದ ಅಕ್ಕಪಕ್ಕದಲ್ಲಿ ಸೀಳಿ ತೆರೆದು, ಅಂಗದ ಹತ್ತು ಪಟ್ಟು ಫಾರ್ಮಾಲಿನ್ ಇರುವ ಡಬ್ಬಿಯಲ್ಲಿ ಇಡಬೇಕು. ಇಷ್ಟು ಮಾಡದೆ, ಅಂಗ ಮಾತ್ರ ಹಿಡಿಸುವ ಡಬ್ಬಿಯಲ್ಲಿ ತುರುಕಿ, ಘಾಟಿ ಇಳಿದು ಹೋಗುವ ಬಸ್ಸಿನಲ್ಲಿ ಎರಡು ದಿನ ಬಿಟ್ಟು ಕಳಿಸಿದರೆ ಪೆಥಾಲಜಿಸ್ಟರಿಗೆ ಓದಲು ಏನೂ ಉಳಿದಿರುವುದಿಲ್ಲ.

ನಮ್ಮ ಉದಾಹರಣೆಯ ಹೆಂಗಸಿಗೆ ಕೊನೆಗೂ ಬಯಾಪ್ಸಿಯಲ್ಲಿ ಕ್ಯಾನ್ಸರ್ ಖಚಿತವಾಗಿ ಆಪರೇಷನ್ ಆಯಿತು, ತೆಗೆದ ಗರ್ಭಕೋಶವೂ ಸರಿಯಾಗಿಯೇ ತಲುಪಿತು ಎನ್ನಿ. ಪೆಥಾಲಜಿಸ್ಟರು ಗೋಡೆಯನ್ನು ಸಾಲಾಗಿ ಸೀಳಿ ಅಳೆದರು. ಗೋಡೆಯ ದಪ್ಪ 16 ಮಿ.ಮೀ., ರೋಗ ಇಳಿದದ್ದು 9 ಮಿ.ಮೀ. ಅರ್ಧ ದಾಟಿದ್ದರಿಂದ ಹಂತ 1ಬಿ. 8 ಮಿ.ಮೀ. ಒಳಗಿದ್ದಿದ್ದರೆ 1ಎ ಆಗುತ್ತಿತ್ತು. ಗರ್ಭಕಂಠಕ್ಕೆ ಇಳಿದಿಲ್ಲ. ತೆಗೆದ ಎರಡು ಗ್ರಂಥಿಗಳೂ ಚೊಕ್ಕ. ಜೀವಕೋಶಗಳು ಸಾಮಾನ್ಯವಾಗಿ ಕಾಣುವ ಎಂಡೊಮೆಟ್ರಿಯಾಯ್ಡ್ ಬಗೆಯವು, ಗ್ರೇಡ್ 2. ರಕ್ತನಾಳಗಳ ಒಳಗೆ ರೋಗಕಣ ಕಂಡಿಲ್ಲ.

ಈ ನಾಲ್ಕು ಸಾಲು ಮುಂದಿನ ಚಿಕಿತ್ಸೆಯನ್ನು ಹೇಗೆ ನಿರ್ಧರಿಸುತ್ತದೆ?
ಇದೇ ಗ್ರೇಡಿನ ರೋಗ 1ಎ ಆಗಿದ್ದರೆ ಆಪರೇಷನ್ ಮುಗಿಸಿ ತಪಾಸಣೆಗೆ ಬರುತ್ತಿದ್ದರೆ ಸಾಕಿತ್ತು. 1ಬಿ ಆದ್ದರಿಂದ ಯೋನಿಯ ಮೇಲ್ತುದಿಗೆ ಒಳಗಿನಿಂದ ಕೊಡುವ ವಿಕಿರಣ ಸೂಚಿಸುತ್ತಾರೆ. ನೆದರ್ಲೆಂಡ್ಸ್‌ನಲ್ಲಿ 427 ಮಹಿಳೆಯರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯೋನಿಯಲ್ಲಿ ರೋಗ ಮರಳದಂತೆ ತಡೆಯುವಲ್ಲಿ ಈ ವಿಕಿರಣ ಇಡೀ ಸೊಂಟಕ್ಕೆ ಕೊಡುವ ವಿಕಿರಣದಷ್ಟೇ ಕೆಲಸ ಮಾಡಿತು, ಭೇದಿಯ ಕಾಟ ಕಡಿಮೆಯಿತ್ತು. ರಕ್ತನಾಳಗಳ ತುಂಬ ರೋಗಕಣ ಕಂಡಿದ್ದರೆ ಸೊಂಟಕ್ಕೆ ಹೊರಗಿನಿಂದ ವಿಕಿರಣ ಬೇಕಾಗುತ್ತಿತ್ತು. ಸೀರಸ್ ಬಗೆಯದಾಗಿ ಗೋಡೆಗೆ ಇಳಿದಿದ್ದರೆ ಕೀಮೋ ಕೂಡ.

ಸರಿ, ಅಣ್ಣನ ಕರುಳಿನ ವಿಷಯ ಎಲ್ಲಿಂದ ಬಂತು?
ವರದಿಯ ಕೊನೆಯಲ್ಲಿ ಇಂಗ್ಲಿಷ್ ಅಕ್ಷರಗಳ ಇನ್ನೊಂದು ಸಾಲು ಇರುತ್ತದೆ, ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಬೇಕು. ಜೀವಕೋಶ ಒಡೆದು ಎರಡಾಗುವಾಗ ಡಿಎನ್‌ಎ ನಕಲಿನಲ್ಲಿ ಆಗುವ ತಪ್ಪುಗಳನ್ನು ತಿದ್ದುವ ನಾಲ್ಕು ಪ್ರೋಟೀನುಗಳಿವೆ: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಮೇಣದ ಬ್ಲಾಕಿನಿಂದ ಒಂದು ಮಿಲಿಮೀಟರಿನ ಇನ್ನೂರೈವತ್ತನೇ ಭಾಗದಷ್ಟು ತೆಳುವಾಗಿ ಸೀಳಿ ಬಣ್ಣ ಹಾಕಿದಾಗ ಪ್ರೋಟೀನ್ ಇರುವ ಕಡೆ ಜೀವಕೋಶದ ನಡುಭಾಗ ಕಂದು ಕಾಣುತ್ತದೆ, ಇಲ್ಲದ ಕಡೆ ನೀಲಿ. ಈಕೆಯ ಸ್ಲೈಡಿನಲ್ಲಿ ಪಕ್ಕದ ಒಳ್ಳೆಯ ಜೀವಕೋಶಗಳು ಕಂದು. ರೋಗದ ಜೀವಕೋಶಗಳು ಎಂಎಸ್‌ಎಚ್2 ಮತ್ತು ಎಂಎಸ್‌ಎಚ್6 ಎರಡಕ್ಕೂ ನೀಲಿ.

ಇವು ಜೋಡಿಯಾಗಿ ಬದುಕುವ ಪ್ರೋಟೀನುಗಳು. ಎಂಎಸ್‌ಎಚ್2 ಹೋದರೆ ಎಂಎಸ್‌ಎಚ್6 ಒಂಟಿಯಾಗಿ ನಿಲ್ಲಲಾರದು. ಹಾಗಾಗಿ ಎರಡೂ ಕಾಣೆಯಾದಾಗ ಮೊದಲ ಗುಮಾನಿ ಎಂಎಸ್‌ಎಚ್2 ಜೀನಿನ ಮೇಲೆ, ಅದರ ದೋಷ ಬಹುಮಟ್ಟಿಗೆ ತಂದೆ ಅಥವಾ ತಾಯಿಯಿಂದ ಬಂದದ್ದು. ಇನ್ನೊಂದು ಜೋಡಿ, ಎಂಎಲ್‌ಎಚ್1 ಮತ್ತು ಪಿಎಂಎಸ್2, ಕಾಣೆಯಾಗಿದ್ದರೆ ಅಷ್ಟು ಬೇಗ ಗಾಬರಿಯಾಗಬೇಕಿಲ್ಲ. ಹೆಚ್ಚಿನವರಲ್ಲಿ ಅದು ವಯಸ್ಸಿನೊಂದಿಗೆ ಆ ಗಡ್ಡೆಯಲ್ಲೇ ಜೀನ್ ಮುಚ್ಚಿಹೋದದ್ದರಿಂದ ಆಗಿರುತ್ತದೆ, ಮಕ್ಕಳಿಗೆ ದಾಟುವುದಿಲ್ಲ. ಅದನ್ನು ಬೇರ್ಪಡಿಸಲು ಮೆಥಿಲೇಷನ್ ಎಂಬ ಇನ್ನೊಂದು ಪರೀಕ್ಷೆ ಇದೆ.

ಆನುವಂಶಿಕವಾದ ಈ ದೋಷದ ಹೆಸರು ಲಿಂಚ್ ಸಿಂಡ್ರೋಮ್. 1895ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಆಲ್ಡ್ರೆಡ್ ವಾರ್ತಿನ್ ಎಂಬ ಪೆಥಾಲಜಿಸ್ಟರ ಬಳಿ ಅವರ ಬಟ್ಟೆ ಹೊಲಿಯುತ್ತಿದ್ದ ಹೆಂಗಸು, ತಮ್ಮ ಮನೆತನದಲ್ಲಿ ಎಲ್ಲರೂ ಹೊಟ್ಟೆ, ಕರುಳು ಇಲ್ಲವೇ ಗರ್ಭಕೋಶದ ಕ್ಯಾನ್ಸರಿನಿಂದ ಸಾಯುವುದು, ತಾನೂ ಹಾಗೇ ಹೋಗುತ್ತೇನೆ ಎಂದು ಹೇಳಿಕೊಂಡಳು. ಚಿಕ್ಕ ವಯಸ್ಸಿಗೇ ಗರ್ಭಕೋಶದ ಕ್ಯಾನ್ಸರ್ ಆಕೆಯನ್ನು ಒಯ್ದಿತು. ವಾರ್ತಿನ್ 1913ರಲ್ಲಿ ಆ ಮನೆತನದ ಕಥೆ ಪ್ರಕಟಿಸಿದರು. 1960ರ ದಶಕದಲ್ಲಿ ಹೆನ್ರಿ ಲಿಂಚ್ ಇಂಥ ಕುಟುಂಬಗಳನ್ನು ಹುಡುಕಿ ಹುಡುಕಿ ಅಧ್ಯಯನ ಮಾಡಿದರು.

ನಿಮ್ಮ ಮನೆಯಲ್ಲಿ ‘ಹೊಟ್ಟೆ ನೋವಿನಿಂದ ಹೋದರು’ ಎಂಬ ಮಾತಿದೆಯೇ?
ಅದನ್ನು ಬಿಡಿಸಿ ಕೇಳಬೇಕು. ಆಗ ವಯಸ್ಸೆಷ್ಟು? ಮಲದಲ್ಲಿ ರಕ್ತ ಹೋಗುತ್ತಿತ್ತಾ? ಆಪರೇಷನ್ ಮಾಡಿ ಹೊಟ್ಟೆಗೆ ಚೀಲ ಹಾಕಿದ್ದರಾ? ನಮ್ಮ ಉದಾಹರಣೆಯಲ್ಲಿ ಹೀಗೆ ಕೇಳಿದಾಗ ಅಪ್ಪ 44ಕ್ಕೆ ಕರುಳಿನ ಕ್ಯಾನ್ಸರಿನಿಂದ, ಸೋದರತ್ತೆ 50ರೊಳಗೆ ‘ಗರ್ಭಕೋಶದ ಗಡ್ಡೆ’ಯಿಂದ ಹೋದದ್ದು ಹೊರಬಂತು. ಲಿಂಚ್ ಇರುವ ಹೆಂಗಸರಲ್ಲಿ ಎರಡೂ ಕ್ಯಾನ್ಸರ್ ಬಂದರೆ, ಸುಮಾರು ಅರ್ಧದಷ್ಟು ಮಂದಿಗೆ ಕರುಳಿಗಿಂತ ಮೊದಲು ಗರ್ಭಕೋಶ ಅಥವಾ ಅಂಡಾಶಯದ್ದೇ ಬರುತ್ತದೆ. ಹಾಗಾಗಿ ಈಕೆಯ ಕರುಳನ್ನೂ ನೋಡಬೇಕು.

ರಕ್ತದ ಜೀನ್ ಪರೀಕ್ಷೆಯಲ್ಲಿ ದೋಷ ಖಚಿತವಾದರೆ ಒಡಹುಟ್ಟಿದವರಿಗೂ ಮಕ್ಕಳಿಗೂ ಅದು ಇರುವ ಸಾಧ್ಯತೆ ತಲಾ ಅರ್ಧಕ್ಕರ್ಧ. ಒಬ್ಬರಲ್ಲಿ ನಿಖರವಾದ ದೋಷ ಸಿಕ್ಕಿದ ಮೇಲೆ ಉಳಿದವರಲ್ಲಿ ಅದೊಂದನ್ನೇ ಹುಡುಕಿದರೆ ಸಾಕು. ಅಣ್ಣನಿಗೆ ಇಲ್ಲವೆಂದಾದರೆ ಎಲ್ಲರಂತೆ ಅವನೂ. ಇದೆಯೆಂದಾದರೆ ಒಂದೆರಡು ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ. ಎಂಎಸ್‌ಎಚ್2 ಜೀನಿನ ದೋಷವಿರುವವರು ಅದನ್ನು 20–25ರ ವಯಸ್ಸಿನಲ್ಲೇ ಶುರು ಮಾಡಬೇಕು. ಕ್ಯಾನ್ಸರ್ ಆಗುವ ಮೊದಲಿನ ಗುಳ್ಳೆಯನ್ನು ಆ ಕೊಳವೆಯಲ್ಲೇ ಕತ್ತರಿಸಿ ತೆಗೆಯಬಹುದು. ಫಿನ್ಲೆಂಡಿನಲ್ಲಿ ಇಂಥ ಕುಟುಂಬಗಳ 252 ಮಂದಿಯನ್ನು 15 ವರ್ಷ ಗಮನಿಸಿದಾಗ, ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ ಶೇ. 62ರಷ್ಟು ಕಡಿಮೆಯಿತ್ತು.

ಕೊಲೊನೊಸ್ಕೋಪಿಗೆಂದು ಕಳಸದಿಂದ ಮಂಗಳೂರು, ಮಣಿಪಾಲದ ಕಡೆ ಹೋಗುವವರು ಹಿಂದಿನ ದಿನವೇ ಹೋಗಿ ಅಲ್ಲೇ ಉಳಿದುಕೊಳ್ಳಲಿ. ಕರುಳು ತೊಳೆಯುವ ಔಷಧ ಕುಡಿದು ಘಾಟಿ ಬಸ್ಸಿನಲ್ಲಿ ಕೂರಲು ಆಗುವುದಿಲ್ಲ, ಅರ್ಧ ಕುಡಿದು ಬಿಟ್ಟರೆ ಸಣ್ಣ ಗುಳ್ಳೆಗಳು ಕಣ್ತಪ್ಪುತ್ತವೆ. ಆಸ್ಪತ್ರೆ ಬದಲಿಸುವಾಗ ವರದಿಯ ಜೊತೆ ಸ್ಲೈಡ್ ಮತ್ತು ಮೇಣದ ಬ್ಲಾಕನ್ನೂ ಕೇಳಿ ತನ್ನಿ, ಆ ನಾಲ್ಕು ಪ್ರೋಟೀನುಗಳ ಪರೀಕ್ಷೆ ಮೊದಲು ಆಗಿರದಿದ್ದರೆ ಹಳೆಯ ಬ್ಲಾಕಿನಿಂದಲೇ ಮಾಡಲು ಬರುತ್ತದೆ.