ನೀರು ಚೆಲ್ಲಿದರೆ ಸಾಲದು, ತೊಟ್ಟಿಯ ಗೋಡೆ ಉಜ್ಜಬೇಕು

ಬೆಂಗಳೂರಿನಲ್ಲಿ ಡೆಂಗಿ ಮೊದಲ ಮಳೆಯ ಜೊತೆಗೇ ಬರುವುದಿಲ್ಲ. ಮಳೆ ಬಿದ್ದು ಮೂರು-ನಾಲ್ಕು ವಾರ ಕಳೆದ ಮೇಲೆ ಬರುತ್ತದೆ. ಆ ನಡುವೆ ಏನು ನಡೆಯುತ್ತದೆ ಎಂದು ತಿಳಿದರೆ, ಮನೆಯಲ್ಲಿ ಯಾವ ಕೆಲಸವನ್ನು ಯಾವಾಗ ಮಾಡಬೇಕು ಎಂಬುದೂ ತಿಳಿಯುತ್ತದೆ.

ಡೆಂಗಿ ಹರಡುವುದು ಮುಖ್ಯವಾಗಿ ಈಡಿಸ್ ಇಜಿಪ್ಟೈ ಎಂಬ ಸೊಳ್ಳೆ. ಮೈ ಕಪ್ಪು, ಕಾಲುಗಳ ಮೇಲೆ ಬಿಳಿ ಪಟ್ಟೆ. ಮೋರಿಯ ಕೊಳಕು ನೀರಿಗಿಂತ ಮನೆಯೊಳಗೆ, ಮನೆಯ ಸುತ್ತ ನಿಂತ ತಿಳಿನೀರೇ ಇದಕ್ಕೆ ಇಷ್ಟ. ಹೆಣ್ಣು ಸೊಳ್ಳೆ ಮೊಟ್ಟೆಯನ್ನು ನೀರಿನೊಳಗೆ ಇಡುವುದಿಲ್ಲ, ನೀರಿನ ಮಟ್ಟಕ್ಕೆ ತುಸು ಮೇಲೆ ಪಾತ್ರೆಯ ಒದ್ದೆ ಗೋಡೆಗೆ ಅಂಟಿಸುತ್ತದೆ. ಇಟ್ಟಾಗ ಬೆಳ್ಳಗಿದ್ದ ಮೊಟ್ಟೆಗಳು ಕೆಲವೇ ಗಂಟೆಗಳಲ್ಲಿ ಕಪ್ಪಾಗುತ್ತವೆ. ಒಂದೊಂದೂ ಒಂದು ಮಿಲಿಮೀಟರಿಗಿಂತ ಚಿಕ್ಕದು. ಡ್ರಮ್ಮಿನ ಒಳಗೋಡೆಯಲ್ಲಿ ಕಾಡಿಗೆ ಉದುರಿಸಿದಂತೆ ಕಾಣುವ ಇವನ್ನು ಕೊಳೆ ಎಂದುಕೊಂಡು ಬಿಟ್ಟುಬಿಡುತ್ತೇವೆ. ನೀರು ಒಣಗಿದರೂ ಈ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬೇಸಿಗೆಯಿಡೀ ತಾರಸಿಯ ಮೂಲೆಯಲ್ಲಿ ಒಣಗಿ ಬಿದ್ದಿದ್ದ ಬಕೆಟ್ಟಿಗೆ ಮಳೆನೀರು ತುಂಬಿ ಆ ಗೆರೆಯನ್ನು ಮುಟ್ಟಿದರೆ ಸಾಕು, ಮರಿಗಳು ಹೊರಬರುತ್ತವೆ.

ಅಂಥ ಒಂದು ಬಕೆಟ್ಟಿನ ಲೆಕ್ಕ ನೋಡೋಣ. ಜೂನ್ 1ರಂದು ಮಳೆ ಬಂತು, ಮರುದಿನದೊಳಗೆ ಮೊಟ್ಟೆಯೊಡೆಯಿತು. ಲಾರ್ವಾಗಳು ತಲೆ ಕೆಳಗಾಗಿ ತೂಗಾಡುತ್ತ, ಬಾಲದ ತುದಿಯ ಕೊಳವೆಯಿಂದ ಉಸಿರಾಡುತ್ತ ಬೆಳೆಯುತ್ತವೆ. ಟಾರ್ಚ್ ಬಿಟ್ಟರೆ ಅಥವಾ ನೆರಳು ಬಿದ್ದರೆ ನುಲಿಯುತ್ತ ತಳಕ್ಕೆ ಇಳಿಯುತ್ತವೆ. ಕೊನೆಯ ಒಂದೆರಡು ದಿನ ಗೂಡುಹುಳುವಾಗಿದ್ದು, ಜೂನ್ 10ರ ಸುಮಾರಿಗೆ ಸೊಳ್ಳೆಯಾಗಿ ಹಾರುತ್ತವೆ. ಹೀಗೆ ಹುಟ್ಟಿದ ಹೆಣ್ಣು ಸೊಳ್ಳೆ 12ರಂದು ಡೆಂಗಿ ಇರುವವರನ್ನು ಕಚ್ಚಿತು ಎನ್ನಿ. ವೈರಸ್ ಸೊಳ್ಳೆಯ ಹೊಟ್ಟೆಯಿಂದ ಜೊಲ್ಲಿಗೆ ತಲುಪಲು ಇನ್ನೂ 8ರಿಂದ 12 ದಿನ ಬೇಕು. 22ರಂದು ಅದು ಕಚ್ಚಿದವರಿಗೆ ಜ್ವರ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 4ರಿಂದ 10 ದಿನ. ಅಂದರೆ ಜೂನ್ ಕೊನೆಯ ಜ್ವರದ ಬೀಜ ಜೂನ್ ಒಂದರ ಬಕೆಟ್ಟಿನಲ್ಲಿತ್ತು.

ಈ ಲೆಕ್ಕದಲ್ಲಿ ನಮ್ಮ ಕೈಗೆ ಸಿಗುವುದು ಮೊದಲ ವಾರ. ಅದಕ್ಕೇ ವಾರಕ್ಕೊಂದು ‘ಒಣ ದಿನ’ ಇರಬೇಕು ಎನ್ನುವುದು. ಆ ದಿನ ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ಟ್ರೇ, ತಾರಸಿಯ ಹಳೆ ಟೈರು, ತೆಂಗಿನ ಚಿಪ್ಪು, ಪೇಂಟ್ ಡಬ್ಬಿ ಇವನ್ನೆಲ್ಲ ಖಾಲಿ ಮಾಡಬೇಕು. ಬೇಡದ್ದನ್ನು ಎಸೆಯಬೇಕು, ಬೇಕಾದದ್ದನ್ನು ಮಗುಚಿಡಬೇಕು. ಬಹಳ ಮನೆಗಳಲ್ಲಿ ತಪ್ಪುವುದು ಇದರ ಮುಂದಿನ ಹೆಜ್ಜೆ. ಡ್ರಮ್ಮಿನ ನೀರು ಚೆಲ್ಲಿ ಮತ್ತೆ ತುಂಬಿಸಿದರೆ ಲಾರ್ವಾ ಹೋಗುತ್ತದೆ, ಗೋಡೆಗೆ ಅಂಟಿದ ಮೊಟ್ಟೆ ಹಾಗೇ ಉಳಿಯುತ್ತದೆ. ತೆಂಗಿನ ನಾರು ಅಥವಾ ಒರಟು ಬ್ರಷ್ಷಿನಿಂದ ಒಳಗೋಡೆಯನ್ನು, ಅದರಲ್ಲೂ ನೀರಿನ ಗೆರೆಯ ಸುತ್ತ, ಬಲವಾಗಿ ತಿಕ್ಕಬೇಕು. ತಿಕ್ಕಿದ ನೀರನ್ನು ಮೋರಿಗಲ್ಲ, ಬಿಸಿಲಿನ ಒಣ ನೆಲಕ್ಕೆ ಚೆಲ್ಲಬೇಕು.

ನಲ್ಲಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳಲ್ಲಿ ಸಂಪು, ಡ್ರಮ್ಮುಗಳನ್ನು ವಾರವಾರ ಖಾಲಿ ಮಾಡುವುದು ಆಗದ ಮಾತು. ಅಲ್ಲಿ ಮುಚ್ಚಳವೇ ಕಾವಲು. ಸಂಪಿನ ಮುಚ್ಚಳ ಸಂದಿಯಿಲ್ಲದೆ ಕೂರಬೇಕು. ಡ್ರಮ್ಮಿನ ಬಾಯಿಗೆ ಒತ್ತಾದ ಬಟ್ಟೆ ಕಟ್ಟಬೇಕು, ಅದು ಜಗ್ಗಿ ನೀರಿಗೆ ತಾಗಬಾರದು. ಮೇಲಿನ ಟ್ಯಾಂಕಿನ ಓವರ್‌ಫ್ಲೋ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಬೇಕು.

ಬೀದಿಯಲ್ಲಿ ಹೊಗೆ ಹಾಕಿದರಲ್ಲ ಎಂದು ಸುಮ್ಮನಿರುವಂತಿಲ್ಲ. ಹೊಗೆ ತಾಗುವುದು ಆ ಹೊತ್ತಿಗೆ ಹಾರುತ್ತಿರುವ ಸೊಳ್ಳೆಗಳಿಗೆ. ಈಡಿಸ್ ಮನೆಯೊಳಗೆ ಮಂಚದಡಿ, ಪರದೆಯ ಹಿಂದೆ, ತೂಗುಹಾಕಿದ ಬಟ್ಟೆಗಳ ನಡುವೆ ಕೂತಿರುತ್ತದೆ. ಮೊಟ್ಟೆ, ಲಾರ್ವಾಗಳಿಗಂತೂ ಹೊಗೆಯಿಂದ ಏನೂ ಆಗದು. ಇದು ಹಗಲು ಕಚ್ಚುವ ಸೊಳ್ಳೆ; ಬೆಳಗಿನ ಹೊತ್ತು ಮತ್ತು ಸೂರ್ಯ ಮುಳುಗುವ ಮುನ್ನ ಇದರ ಕಾಟ ಹೆಚ್ಚು. ಹಗಲು ಮಲಗುವ ಕೂಸಿಗೂ ಸೊಳ್ಳೆಪರದೆ ಬೇಕು.

ಇಷ್ಟಾದರೂ ಪಕ್ಕದ ಖಾಲಿ ಸೈಟಿನ ಟೈರಿನಿಂದ ಸೊಳ್ಳೆ ಬರಬಹುದು. ಹೆಚ್ಚಾಗಿ ಇದು ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರು ದಾಟುವುದಿಲ್ಲ. ಆದ್ದರಿಂದ ಒಂದೇ ಮನೆಗಿಂತ ಇಡೀ ಬೀದಿ ಒಂದೇ ದಿನ ತಿಕ್ಕಿದರೆ ಫಲ ಹೆಚ್ಚು.

ಜ್ವರ ಬಂದೇ ಬಿಟ್ಟರೆ ವೈದ್ಯರಿಗೆ ತೋರಿಸಿ, ಅವರು ಹೇಳಿದಷ್ಟು ಪ್ಯಾರಾಸಿಟಮಾಲ್ ಕೊಡಬೇಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ, ಕೊಡಬಾರದು. ಮೂರನೆಯಿಂದ ಏಳನೆಯ ದಿನದ ನಡುವೆ ಜ್ವರ ಇಳಿದಾಗ ವಾಸಿಯಾಯಿತು ಎಂದು ಮೈಮರೆಯಬಾರದು, ಕಾಯಿಲೆ ತಿರುಗಿಬೀಳುವುದು ಆಗಲೇ. ಹೊಟ್ಟೆ ವಿಪರೀತ ನೋಯುವುದು, ವಾಂತಿ ನಿಲ್ಲದಿರುವುದು, ವಸಡಿನಲ್ಲಿ ರಕ್ತ, ತೀರಾ ಮಂಕು ಕವಿಯುವುದು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಜ್ವರದ ದಿನಗಳಲ್ಲಿ ರೋಗಿಯ ರಕ್ತದಲ್ಲಿ ವೈರಸ್ ಇರುತ್ತದೆ. ಆಗ ಅವರನ್ನು ಹಗಲೂ ಪರದೆಯೊಳಗೆ ಮಲಗಿಸಿದರೆ, ಮನೆಯಲ್ಲಿರುವ ಸೊಳ್ಳೆಗೆ ವೈರಸ್ ಸಿಗುವುದಿಲ್ಲ. ಜೂನ್ 12ರ ಆ ಕಡಿತ ಅಲ್ಲಿಗೇ ತಪ್ಪುತ್ತದೆ.